ಹೊಸೂರಿನಲ್ಲಿ ಕೆಲಸ ಸಿಕ್ಕಿದೆಯೇ? ಮನೆ ಸಾಗಿಸುವ ಖರ್ಚಿನ ಮಾತು ಸಹಿ ಹಾಕುವ ಮೊದಲೇ ಆಗಲಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶಕ್ಕೆ ದಕ್ಷಿಣ ಕನ್ನಡದ ಹುಡುಗರು ಕೆಲಸಕ್ಕೆ ಬರುವುದು ಹೊಸತೇನಲ್ಲ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಇಲ್ಲಿಗೆ ಬಂದು ದಶಕಗಳೇ ಆದವು. ಈಗ ಕೃಷ್ಣಗಿರಿ ಜಿಲ್ಲೆಯಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್, ಓಲಾ ಎಲೆಕ್ಟ್ರಿಕ್ ಕೂಡ ಇವೆ. ಬಂಟ್ವಾಳ, ಪುತ್ತೂರು, ಉಳ್ಳಾಲ ಕಡೆಯಿಂದ ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿದವರು ಗಲ್ಫ್ ವೀಸಾಕ್ಕೆ ಕಾಯುವ ಬದಲು ಇಲ್ಲಿಗೆ ಬರುತ್ತಿದ್ದಾರೆ. ಇಲ್ಲಿ ಅಂಗಡಿ ಇಟ್ಟಿರುವ ನನ್ನಂಥವರಿಗೆ ಊರಿನಿಂದ ಬರುವ ಫೋನಿನಲ್ಲಿ ಮೊದಲ ಪ್ರಶ್ನೆ ಒಂದೇ: "ಕಾಕ, ಅಲ್ಲಿ ಮನೆ ಬಾಡಿಗೆ ಎಷ್ಟು?"

ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಊರಿನ ಮನೆ ಬಿಟ್ಟು ಇಲ್ಲಿ ಮನೆ ಹಿಡಿಯುವ ಖರ್ಚನ್ನು ಯಾರು ಕೊಡುತ್ತಾರೆ? ಈ ಖರ್ಚಿಗೆ ಕಂಪೆನಿ ಕೊಡುವ ಹಣಕ್ಕೆ ರಿಲೊಕೇಶನ್ ಅಲೊವೆನ್ಸ್ ಅಂತಾರೆ, ಅಂದರೆ ಸ್ಥಳಾಂತರ ಭತ್ಯೆ. ತುಂಬಾ ಜನ ಇದನ್ನು ಕೇಳುವುದೇ ಇಲ್ಲ. ಕೇಳಿದವರೂ "ಸರ್, ಏನಾದ್ರೂ ಸ್ವಲ್ಪ ಕೊಡಿ" ಎಂದು ಕೇಳಿ, ಸಿಕ್ಕಿದ್ದನ್ನು ತೆಗೆದುಕೊಂಡು ಬರುತ್ತಾರೆ. ಇದನ್ನು ಹೇಗೆ ಕೇಳಿದರೆ ಕೆಲಸ ಆಗುತ್ತದೆ ಎಂಬುದನ್ನು ಒಂದು ಕುಟುಂಬದ ಲೆಕ್ಕದ ಮೂಲಕವೇ ನೋಡೋಣ.

ಮೊದಲು ಕಾಗದದ ಮೇಲೆ ಲೆಕ್ಕ

ಬಿ.ಸಿ. ರೋಡಿನಲ್ಲಿ ಬಾಡಿಗೆ ಮನೆಯಲ್ಲಿದ್ದ ಯುವಕ. ಹೆಂಡತಿ ಮತ್ತು ಯುಕೆಜಿಗೆ ಹೋಗುವ ಮಗು. ಹೊಸೂರಿನ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಸಿಕ್ಕಿತು, ತಿಂಗಳಿಗೆ 48 ಸಾವಿರ ಸಂಬಳ. ಹಳೆಯ ಕೆಲಸಕ್ಕಿಂತ 14 ಸಾವಿರ ಜಾಸ್ತಿ. ಆಫರ್ ಲೆಟರಿನಲ್ಲಿ ರಿಲೊಕೇಶನ್ ಎಂದು ಒಂದೇ ಸಾಲು ಇತ್ತು: ಬಿಲ್ ಕೊಟ್ಟರೆ 24 ಸಾವಿರದವರೆಗೆ ಮರುಪಾವತಿ.

ನಾವು ಕೂತು ಲೆಕ್ಕ ಹಾಕಿದೆವು. ಶಿರಾಡಿ ಘಾಟ್ ಹತ್ತಿ ಬೆಂಗಳೂರು ದಾಟಿ ಹೊಸೂರಿಗೆ ಹೆಚ್ಚುಕಮ್ಮಿ 365 ಕಿ.ಮೀ. ಲಾರಿ ಬಾಡಿಗೆ, ಪ್ಯಾಕಿಂಗ್, ಎರಡೂ ಕಡೆ ಲೋಡಿಂಗ್ ಅನ್‌ಲೋಡಿಂಗ್ ಕೂಲಿ ಸೇರಿ 30 ಸಾವಿರ. ಲಾರಿಯವನು ವಾಪಸ್ ಖಾಲಿ ಹೋಗುವ ಡೀಸೆಲಿನ ದುಡ್ಡೂ ಇದರಲ್ಲೇ ಸೇರಿರುತ್ತದೆ, ಹಾಗಾಗಿ ಚೌಕಾಸಿ ಮಾಡಿದರೂ ತುಂಬ ಇಳಿಯುವುದಿಲ್ಲ. ಮನೆ ನೋಡಲು ಒಮ್ಮೆ, ಕುಟುಂಬ ಕರೆದುಕೊಂಡು ಬರಲು ಒಮ್ಮೆ, ಎರಡು ಪ್ರಯಾಣಕ್ಕೆ 6 ಸಾವಿರ. ಮನೆ ಸಿಗುವವರೆಗೆ ಲಾಡ್ಜಿನಲ್ಲಿ 12 ದಿನಕ್ಕೆ 12 ಸಾವಿರ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಅಂದರೆ 12 ಸಾವಿರ. ಊರಿನ ಮನೆಗೆ ಒಂದು ತಿಂಗಳ ನೋಟಿಸ್ ಕೊಡಬೇಕಿದ್ದರಿಂದ ಆ ತಿಂಗಳ ಬಾಡಿಗೆ 8 ಸಾವಿರ ಸುಮ್ಮನೆ ಹೋಯಿತು. ಮಗುವಿನ ಹೊಸ ಶಾಲೆಯ ಪ್ರವೇಶಕ್ಕೆ 18 ಸಾವಿರ. ಗ್ಯಾಸ್ ಕನೆಕ್ಷನ್ ಬದಲಾವಣೆ, ಫ್ಯಾನ್ ಹಾಕಿಸುವುದು, ಇಂಟರ್ನೆಟ್ ಎಂದು 5 ಸಾವಿರ. ಸ್ಕೂಟರಿನ ನೋಂದಣಿ ತಮಿಳುನಾಡಿಗೆ ಬದಲಾಯಿಸಲು ಅಂದಾಜು 7 ಸಾವಿರ.

ಒಟ್ಟು 98 ಸಾವಿರ. ಇದು ಹೋದರೆ ಹೋಯಿತು, ವಾಪಸ್ ಬರುವುದಿಲ್ಲ. ಇದರ ಜೊತೆಗೆ ಮನೆ ಮಾಲಕರಿಗೆ ಐದು ತಿಂಗಳ ಅಡ್ವಾನ್ಸ್, 60 ಸಾವಿರ. ಅದು ಮನೆ ಬಿಡುವಾಗ ವಾಪಸ್ ಬರುವ ದುಡ್ಡು, ಆದರೆ ಮೊದಲ ಸಂಬಳ ಬರುವ ಮುಂಚೆ ಕೈಯಲ್ಲಿ ಇರಬೇಕು.

ಈಗ ನೋಡಿ. ಜಾಸ್ತಿ ಸಿಗುವುದು ತಿಂಗಳಿಗೆ 14 ಸಾವಿರ. ಕಂಪೆನಿ ಹೇಳಿದ 24 ಸಾವಿರ ಕಳೆದರೂ 74 ಸಾವಿರ ಸ್ವಂತ ಖರ್ಚು. ಅಂದರೆ ಐದು ತಿಂಗಳಿಗೂ ಹೆಚ್ಚು ಕಾಲ ಹೊಸ ಕೆಲಸದ "ಹೆಚ್ಚುವರಿ ಸಂಬಳ" ಪೂರ್ತಿ ಲಾರಿ, ಲಾಡ್ಜ್, ಬ್ರೋಕರ್‌ಗೇ ಹೋಗುತ್ತದೆ. ಈ ಲೆಕ್ಕ ಕೈಯಲ್ಲಿ ಇಲ್ಲದೆ ಎಚ್.ಆರ್. ಜೊತೆ ಮಾತಾಡಿದರೆ ಅದು ಬೇಡಿದ ಹಾಗೆ ಆಗುತ್ತದೆ. ಲೆಕ್ಕ ಇದ್ದರೆ ವ್ಯಾಪಾರದ ಮಾತು.

ಇಡೀ ದುಡ್ಡು ಕೇಳಬೇಡಿ, ಬಿಡಿಬಿಡಿಯಾಗಿ ಕೇಳಿ

ಆ ಯುವಕ ಮೊದಲು ಫೋನಿನಲ್ಲಿ ಕೇಳಿದ್ದು ಒಂದು ಲಕ್ಷ. ಎಚ್.ಆರ್. ಮೇಡಂ ನಯವಾಗಿಯೇ ಹೇಳಿದರು: "ನಿಮ್ಮ ಗ್ರೇಡಿಗೆ ಪಾಲಿಸಿಯಲ್ಲಿ ಅಷ್ಟಿಲ್ಲ." ಅವರು ಸುಳ್ಳು ಹೇಳಲಿಲ್ಲ. ದೊಡ್ಡ ಕಂಪೆನಿಗಳಲ್ಲಿ ಯಾವ ಗ್ರೇಡಿಗೆ ಎಷ್ಟು ನಗದು ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಅದನ್ನು ಮೀರಲು ಎಚ್.ಆರ್. ಕೈಯಲ್ಲಿ ಅಧಿಕಾರ ಇರುವುದಿಲ್ಲ, ಮೇಲಿನವರ ವಿಶೇಷ ಅನುಮತಿ ಬೇಕು.

ಆದರೆ ಆ ಮಿತಿ ಇರುವುದು ನಗದಿಗೆ. ಲಾರಿ, ಗೆಸ್ಟ್ ಹೌಸ್, ಸಂಬಳದ ಮುಂಗಡ ಇವು ಮೂರೂ ಕಂಪೆನಿಯ ಪುಸ್ತಕದಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಖಾತೆಯಲ್ಲಿ ಬರುತ್ತವೆ. ಕಾರ್ಖಾನೆ ಇರುವ ಕಂಪೆನಿಗೆ ಸಾಗಾಟದವರ ಜೊತೆ ಮೊದಲೇ ಕರಾರು ಇರುತ್ತದೆ. ಹೊರಗಿನಿಂದ ಬರುವ ಅಧಿಕಾರಿಗಳಿಗೆಂದು ಗೆಸ್ಟ್ ಹೌಸ್ ಇರುತ್ತದೆ, ಅದರಲ್ಲಿ ಖಾಲಿ ರೂಮೂ ಇರುತ್ತದೆ. ನಿಮಗೆ 12 ಸಾವಿರ ಖರ್ಚಾಗುವ ಹನ್ನೆರಡು ದಿನದ ವಾಸ ಅವರಿಗೆ ಹೆಚ್ಚಿನ ಖರ್ಚೇ ಅಲ್ಲ. ಒಬ್ಬರಿಗೆ ಭಾರ ಆಗದ್ದು ಇನ್ನೊಬ್ಬರಿಗೆ ದೊಡ್ಡ ಉಪಕಾರ ಆಗುವ ಇಂಥ ಜಾಗದಲ್ಲೇ ಮಾತುಕತೆ ಕುದುರುವುದು.

ಎರಡನೇ ಸಲ ಅವನು ಮೇಲ್ ಮಾಡಿದ. ಒಂದು ಲಕ್ಷದ ಮಾತೇ ಇಲ್ಲ. ಮೂರು ಸಾಲಿನಲ್ಲಿ ಖರ್ಚಿನ ಪಟ್ಟಿ, ಎರಡು ಪ್ಯಾಕರ್ಸ್‌ನವರ ಕೊಟೇಶನ್, ಆಮೇಲೆ ನಾಲ್ಕು ಕೋರಿಕೆ. ಸಾಮಾನು ಸಾಗಾಟವನ್ನು ಕಂಪೆನಿಯ ಸಾಗಾಟದವರಿಂದಲೇ ಮಾಡಿಸಿ, ಬಿಲ್ ಕಂಪೆನಿಯೇ ಕಟ್ಟಲಿ. ಮೊದಲ 15 ದಿನ ಗೆಸ್ಟ್ ಹೌಸ್ ಕೊಡಿ. ಮನೆ ಅಡ್ವಾನ್ಸಿಗಾಗಿ 60 ಸಾವಿರ ಮುಂಗಡ ಕೊಡಿ, 10 ತಿಂಗಳಲ್ಲಿ ತಿಂಗಳಿಗೆ 6 ಸಾವಿರದಂತೆ ಸಂಬಳದಲ್ಲಿ ಹಿಡಿಯಿರಿ. ಉಳಿದ ಸಣ್ಣಪುಟ್ಟ ಖರ್ಚಿಗೆ ಪಾಲಿಸಿಯ 24 ಸಾವಿರವನ್ನು ಬಿಲ್ ಕೇಳದೆ ಮೊದಲ ಸಂಬಳದ ಜೊತೆ ಕೊಡಿ.

ನಾಲ್ಕು ದಿನ ಬಿಟ್ಟು ಉತ್ತರ ಬಂತು. ನಾಲ್ಕಕ್ಕೂ ಒಪ್ಪಿಗೆ, 24 ಅನ್ನು 25 ಸಾವಿರ ಮಾಡಿದ್ದರು. ಲಾರಿಯ 30 ಸಾವಿರ, ವಾಸದ 12 ಸಾವಿರ, ನಗದು 25 ಸಾವಿರ, ಒಟ್ಟು 67 ಸಾವಿರದ ಭಾರ ಇಳಿಯಿತು. ಸ್ವಂತ ಕೈಯಿಂದ ಹೋದದ್ದು 74 ಸಾವಿರದ ಬದಲು 31 ಸಾವಿರ. ಅಡ್ವಾನ್ಸಿಗೆ ಬಡ್ಡಿ ಸಾಲ ಮಾಡುವುದೋ ಹೆಂಡತಿಯ ಚಿನ್ನ ಅಡ ಇಡುವುದೋ ಎಂಬ ಚಿಂತೆಯೂ ಇಲ್ಲವಾಯಿತು. ನಮ್ಮಲ್ಲಿ ಬಡ್ಡಿ ಬೇಡ ಅನ್ನುವವರೇ ಜಾಸ್ತಿ, ಅಂಥವರು ಈ ಮುಂಗಡದ ಕೋರಿಕೆಯನ್ನು ಮರೆಯಲೇಬಾರದು.

ಎಲ್ಲ ಕಂಪೆನಿಯೂ ಹೀಗೆ ಒಪ್ಪುತ್ತದೆ ಎಂದು ಹೇಳಲಾರೆ. ಸಣ್ಣ ಕಾರ್ಖಾನೆಯಲ್ಲಿ ಗೆಸ್ಟ್ ಹೌಸ್ ಇರುವುದಿಲ್ಲ. ಒಂದೇ ಹುದ್ದೆಗೆ ಹತ್ತು ಜನ ಸಾಲಿನಲ್ಲಿ ನಿಂತಿದ್ದರೆ ನಿಮ್ಮ ಮಾತಿಗೆ ತೂಕವೂ ಕಡಿಮೆ. ಅಂಥಲ್ಲಿ ಒಂದೇ ಕೇಳಬೇಕು ಅಂತಿದ್ದರೆ ಮುಂಗಡ ಕೇಳಿ, ಯಾಕೆಂದರೆ ಅದು ಅವರಿಗೆ ವಾಪಸ್ ಬರುವ ದುಡ್ಡು. ಅದಕ್ಕೂ ಇಲ್ಲ ಅಂದರೆ ಸೇರುವ ದಿನಾಂಕವನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ಊರಿನ ಮನೆಯ ನೋಟಿಸ್ ಅವಧಿ ಅಷ್ಟರಲ್ಲಿ ಅರ್ಧ ಮುಗಿದಿರುತ್ತದೆ, ಅದೂ ದುಡ್ಡೇ.

ಮಾತಾಡುವ ಸಮಯವೂ ಮುಖ್ಯ. ಕಂಪೆನಿ ನಿಮ್ಮನ್ನು ಆಯ್ಕೆ ಮಾಡಿದೆ, ಆಫರ್ ಕಳಿಸಿದೆ, ನೀವು ಇನ್ನೂ ಸಹಿ ಹಾಕಿಲ್ಲ. ಈ ನಾಲ್ಕೈದು ದಿನ ಮಾತ್ರ ನಿಮ್ಮ ಮಾತಿಗೆ ಬೆಲೆ. ಸಂದರ್ಶನದಲ್ಲೇ ಕೇಳಿದರೆ ಬೇಗ ಆಯಿತು, ಸೇರಿದ ಮೇಲೆ ಕೇಳಿದರೆ ತಡ ಆಯಿತು.

ಬಿಲ್ ಇಲ್ಲದಿದ್ದರೆ ಮರುಪಾವತಿಯೂ ಇಲ್ಲ

"ಬಿಲ್ ಕೊಟ್ಟರೆ ಮರುಪಾವತಿ" ಎಂದಿದ್ದಲ್ಲಿ ಸುಮಾರು ಜನ ಬೀಳುವ ಗುಂಡಿ ಇದು. ಊರಿನ ಪರಿಚಯದ ಟೆಂಪೊದವನು ಕಮ್ಮಿಗೆ ಬರುತ್ತಾನೆ, ಆದರೆ ಬಿಲ್ ಕೊಡುವುದಿಲ್ಲ. ಬಿಳಿ ಹಾಳೆಯಲ್ಲಿ "28,000 ಪಡೆದಿದ್ದೇನೆ" ಎಂದು ಬರೆದು ಸಹಿ ಹಾಕುತ್ತಾನೆ. ಕಂಪೆನಿಯ ಅಕೌಂಟ್ಸ್ ವಿಭಾಗ ಅದನ್ನು ವಾಪಸ್ ಕಳಿಸುತ್ತದೆ. ಅವರಿಗೆ ಜಿಎಸ್‌ಟಿ ನಂಬರ್ ಇರುವ, ಹೊರಟ ಊರು, ತಲುಪಿದ ಊರು, ಲಾರಿ ನಂಬರ್ ಮತ್ತು ನಿಮ್ಮ ಹೆಸರು ಇರುವ ಬಿಲ್ ಬೇಕು, ಹಣ ಬ್ಯಾಂಕ್ ಮೂಲಕ ಹೋಗಿರಬೇಕು. ಬಿಲ್ ಇಲ್ಲದ 28 ಸಾವಿರಕ್ಕಿಂತ ಬಿಲ್ ಇರುವ 32 ಸಾವಿರವೇ ನಿಮಗೆ ಅಗ್ಗ. ಬ್ರೋಕರ್ ಕಮಿಷನ್‌ಗೂ ಇದೇ ಕತೆ. ಅದಕ್ಕೇ ಬಿಲ್ ಸಿಗದ ಖರ್ಚಿಗೆ ನಗದು, ಬಿಲ್ ಸಿಗುವ ಖರ್ಚಿಗೆ ಕಂಪೆನಿಯ ನೇರ ಪಾವತಿ ಎಂದು ವಿಂಗಡಿಸಿ ಕೇಳುವುದು ಒಳ್ಳೆಯದು.

ಅತ್ತಿಬೆಲೆಯಲ್ಲಿ ರಾಜ್ಯದ ಗಡಿ ದಾಟುವಾಗ ಹಳೆಯ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಾಗಿಲ್ಲ, ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ವಿನಾಯಿತಿ ಇದೆ. ಆದರೂ ಸಾಮಾನಿನ ಪಟ್ಟಿ ಮತ್ತು ಆಫರ್ ಲೆಟರಿನ ಪ್ರತಿ ಡ್ರೈವರ್ ಕೈಯಲ್ಲಿ ಇರಲಿ. ಊರಿನಲ್ಲಿ ಹೊಸತಾಗಿ ಖರೀದಿಸಿದ ಫ್ರಿಜ್ಜೋ ವಾಷಿಂಗ್ ಮೆಷಿನೋ ಜೊತೆಗಿದ್ದರೆ ಅದರ ಬಿಲ್ಲೂ ಇಡಿ.

ತೆರಿಗೆ ಎಷ್ಟು ಹೋಗುತ್ತದೆ?

"ನಗದು ತಗೊಂಡರೆ ತೆರಿಗೆ ಹೋಗುತ್ತದೆ, ಬಿಲ್ ಕೊಟ್ಟರೆ ಹೋಗಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 2025-26ರ ಸಾಲಿನ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ನಮ್ಮ ಯುವಕನ ವಾರ್ಷಿಕ ಸಂಬಳ 5.76 ಲಕ್ಷ, 25 ಸಾವಿರ ನಗದು ಸೇರಿಸಿದರೂ 6.01 ಲಕ್ಷ. ಅವನಿಗೆ ಒಂದು ರೂಪಾಯಿಯೂ ತೆರಿಗೆ ಬರುವುದಿಲ್ಲ. ಹಾಗಾಗಿ ಈ ಮಟ್ಟದ ಸಂಬಳದವರು ತೆರಿಗೆಗೆ ಹೆದರಿ ಬಿಲ್ಲಿನ ತಲೆನೋವು ಹಚ್ಚಿಕೊಳ್ಳಬೇಕಾಗಿಲ್ಲ, ನಗದೇ ವಾಸಿ.

ಸಂಬಳ ಆ ಮಿತಿ ದಾಟುವವರ ಕತೆ ಬೇರೆ. ವರ್ಗಾವಣೆಯ ಮೇಲೆ ಪ್ರಯಾಣ, ಪ್ಯಾಕಿಂಗ್, ಸಾಮಾನು ಸಾಗಾಟಕ್ಕೆ ಕೊಟ್ಟ ಭತ್ಯೆಗೆ, ನಿಜವಾಗಿ ಖರ್ಚು ಮಾಡಿದಷ್ಟಕ್ಕೆ ವಿನಾಯಿತಿ ಇದೆ. ಇದು ಹೊಸ ಪದ್ಧತಿಯಲ್ಲೂ ಉಳಿದಿದೆ. ಆದರೆ ಶಾಲೆಯ ಪ್ರವೇಶ ಶುಲ್ಕ, ಬ್ರೋಕರ್ ಕಮಿಷನ್‌ಗೆಂದು ಕೊಟ್ಟದ್ದು ಸಂಬಳದಂತೆಯೇ ಲೆಕ್ಕ. ಜಾಯಿನಿಂಗ್ ಬೋನಸ್ ಎಂಬ ಹೆಸರಿನಲ್ಲಿ ಕೊಟ್ಟರೆ ಅದೂ ಪೂರ್ತಿ ಸಂಬಳವೇ. ಅಲ್ಲದೆ ಈ ನಿಯಮದಲ್ಲಿರುವ ಮಾತು "ವರ್ಗಾವಣೆ". ಹಳೆಯ ನೌಕರರನ್ನು ಬೇರೆ ಊರಿಗೆ ಹಾಕಿದಾಗ ತೊಂದರೆ ಇಲ್ಲ, ಹೊಸತಾಗಿ ಸೇರುವವರಿಗೆ ಕಂಪೆನಿಯ ಅಕೌಂಟ್ಸ್‌ನವರು ಹೇಗೆ ತೋರಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ವಾಪಸ್ ಕೊಡುವ ಷರತ್ತು

ಆಫರ್ ಲೆಟರಿನ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: 12 ತಿಂಗಳೊಳಗೆ ಕೆಲಸ ಬಿಟ್ಟರೆ ರಿಲೊಕೇಶನ್ ಖರ್ಚು ಪೂರ್ತಿ ವಾಪಸ್ ಕೊಡಬೇಕು. ಇದನ್ನು ತೆಗೆದುಹಾಕಲು ಯಾವ ಕಂಪೆನಿಯೂ ಸುಲಭದಲ್ಲಿ ಒಪ್ಪುವುದಿಲ್ಲ. ತಿದ್ದಲು ಒಪ್ಪುತ್ತದೆ, ಅದಕ್ಕೆ ಎರಡು ಮಾತು ಕೇಳಬೇಕು.

ಒಂದು, "ಪೂರ್ತಿ" ಎನ್ನುವ ಬದಲು "ಉಳಿದ ತಿಂಗಳಿಗೆ ತಕ್ಕಂತೆ" ಎಂದು ಬರೆಸಿ. ಒಂಬತ್ತು ತಿಂಗಳು ಕೆಲಸ ಮಾಡಿ ಬಿಟ್ಟರೆ ಮೊದಲ ಷರತ್ತಿನಲ್ಲಿ 67 ಸಾವಿರವೂ ಹೋಗುತ್ತದೆ, ಎರಡನೆಯದರಲ್ಲಿ ಉಳಿದ ಮೂರು ತಿಂಗಳಿನ ಪಾಲು 16,750 ಮಾತ್ರ. ಎರಡು, ಈ ಷರತ್ತು ನಾವಾಗಿ ರಾಜೀನಾಮೆ ಕೊಟ್ಟರೆ ಮಾತ್ರ ಎಂದು ಸ್ಪಷ್ಟವಾಗಿರಲಿ. ಪ್ರೊಬೇಷನ್ ಸಮಯದಲ್ಲಿ ಕಂಪೆನಿಯೇ ತೆಗೆದುಹಾಕಿದರೆ, ಅಥವಾ ಮತ್ತೆ ಬೇರೆ ಊರಿಗೆ ಹಾಕಿದರೆ, ಲಾರಿ ಬಾಡಿಗೆ ನಾವು ವಾಪಸ್ ಕೊಡುವುದು ಯಾವ ನ್ಯಾಯ ಮಾರಾಯ್ರೆ? "ನಿರ್ಗಮನ" ಎಂದಷ್ಟೇ ಬರೆದಿದ್ದರೆ ಅದರಲ್ಲಿ ತೆಗೆದುಹಾಕುವುದೂ ಸೇರಿಬಿಡುತ್ತದೆ.

ಇನ್ನು, ಫೋನಿನಲ್ಲಿ ಆದ ಒಪ್ಪಿಗೆ ಒಪ್ಪಿಗೆಯಲ್ಲ. ನಿಮ್ಮನ್ನು ತೆಗೆದುಕೊಂಡ ಎಚ್.ಆರ್.ನವರು ಮೂರು ತಿಂಗಳಲ್ಲಿ ಬೇರೆ ಕಂಪೆನಿಗೆ ಹೋಗಿರಬಹುದು. ತಿದ್ದಿದ ಆಫರ್ ಲೆಟರ್ ಬರಲಿ, ಕನಿಷ್ಠ ಕಂಪೆನಿಯ ಮೇಲ್ ಐಡಿಯಿಂದ "ಒಪ್ಪಿದ್ದೇವೆ" ಎಂಬ ಉತ್ತರ ಬರಲಿ. ಆಮೇಲೆ ಹಳೆಯ ಕೆಲಸಕ್ಕೆ ರಾಜೀನಾಮೆ.

ಹೊಸೂರಿಗೆ ಮಾತ್ರ ಸಂಬಂಧಿಸಿದ ಕೆಲವು ವಿಷಯ

ಹೊಸೂರು ಬೆಂಗಳೂರಿನಿಂದ 40 ಕಿ.ಮೀ. ಹಾಗಾಗಿ ಬೆಂಗಳೂರಿನಲ್ಲಿ ಇರುವವರಿಗೆ ಕೆಲವು ಕಂಪೆನಿಗಳು "ಬಸ್ ಇದೆ, ಓಡಾಡಿ" ಎಂದು ಭತ್ಯೆ ನಿರಾಕರಿಸುತ್ತವೆ. ಎಷ್ಟು ಕಿ.ಮೀ. ಮೇಲೆ ಭತ್ಯೆ ಎಂದು ಪಾಲಿಸಿಯಲ್ಲಿ ಬರೆದಿದೆಯೇ ಕೇಳಿ. ಮಂಗಳೂರಿನಿಂದ ಬರುವವರ ಆಫರ್ ಲೆಟರಿನಲ್ಲಿ ಊರಿನ ವಿಳಾಸವೇ ಇರಬೇಕು. ಬೆಂಗಳೂರಿನ ಅಣ್ಣನ ಮನೆಯ ವಿಳಾಸ ಕೊಟ್ಟರೆ ನೀವು ಬೆಂಗಳೂರಿನವರೇ ಆಗಿಬಿಡುತ್ತೀರಿ.

ಕಾರ್ಖಾನೆ ಎಲ್ಲಿದೆ ಎಂಬುದನ್ನೂ ಸರಿಯಾಗಿ ನೋಡಿ. ಜನ ಮಾತಿನಲ್ಲಿ ಎಲ್ಲದಕ್ಕೂ ಹೊಸೂರು ಅಂತಾರೆ. ಹೊಸೂರಿನಿಂದ ಕೃಷ್ಣಗಿರಿಗೇ 50 ಕಿ.ಮೀ. ಆಸುಪಾಸು. ಓಲಾ ಕಾರ್ಖಾನೆ ಇರುವ ಪೋಚಂಪಳ್ಳಿ ಅದರಿಂದಲೂ ಆಚೆ. ಹೊಸೂರಿನಲ್ಲಿ ಮನೆ ಹಿಡಿದು ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾದರೆ ಎರಡನೇ ಸಲ ಲಾರಿ ಕರೆಯಬೇಕಾಗುತ್ತದೆ, ಅದಕ್ಕೆ ಕಂಪೆನಿ ದುಡ್ಡು ಕೊಡುವುದಿಲ್ಲ.

ಮನೆ ಅಡ್ವಾನ್ಸಿನ ಬಗ್ಗೆ ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ ಮೂರು ತಿಂಗಳ ಬಾಡಿಗೆಯ ಮಿತಿ ಹೇಳುತ್ತದೆ. ಆದರೆ ಇಬ್ಬರೂ ಒಪ್ಪಿ ಬೇರೆ ಕರಾರು ಮಾಡಿಕೊಂಡರೆ ಹೆಚ್ಚು ತೆಗೆದುಕೊಳ್ಳಬಹುದು. ಐದು ತಿಂಗಳು ಕೇಳುವ ಮಾಲಕರ ಜೊತೆ ಮಾತಾಡಲು ಆ ಮೂರು ಒಂದು ಆಧಾರ, ಅಷ್ಟೇ.

ಸ್ಕೂಟರ್, ಕಾರಿನ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಹನ ಇಟ್ಟರೆ ಅಲ್ಲಿನ ನೋಂದಣಿ ಮಾಡಿಸಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ಬಂಟ್ವಾಳದ ಕೆಎ 70 ಹೊಸೂರಿನ ಟಿಎನ್ 70 ಆಗುವುದಕ್ಕೆ ಕಾರಿಗಾದರೆ ದೊಡ್ಡ ಮೊತ್ತವೇ ಬೇಕು. ಅದನ್ನೂ ಪಟ್ಟಿಯಲ್ಲಿ ಹಾಕಿ.

ಗುತ್ತಿಗೆ ಕಾರ್ಮಿಕರಿಗೆ ಕಾನೂನು ಏನು ಹೇಳುತ್ತದೆ?

ಇಲ್ಲಿವರೆಗೆ ಹೇಳಿದ್ದು ಕಂಪೆನಿಯ ರೋಲಿನಲ್ಲಿ ಸೇರುವವರಿಗೆ. ಅದು ಪೂರ್ತಿ ಮಾತುಕತೆಯ ವಿಷಯ, ಅವರಿಗೆ ಇಷ್ಟು ಕೊಡಲೇಬೇಕು ಎಂಬ ಕಾನೂನು ಇಲ್ಲ. ಆದರೆ ಕಡಿಮೆ ಸಂಬಳಕ್ಕೆ ಗುತ್ತಿಗೆದಾರನ ಮೂಲಕ ಬರುವ ಹುಡುಗರೂ ಇದ್ದಾರೆ. ಕರ್ನಾಟಕದಿಂದ ತಮಿಳುನಾಡಿಗೆ ಬಂದವರು ಕಾನೂನಿನ ಪ್ರಕಾರ ಅಂತರ್‌ರಾಜ್ಯ ವಲಸೆ ಕಾರ್ಮಿಕರು.

1979ರ ಕಾಯ್ದೆಯಲ್ಲಿ ಗುತ್ತಿಗೆದಾರನ ಮೂಲಕ ಹೀಗೆ ಬಂದವರಿಗೆ ತಿಂಗಳ ಸಂಬಳದ ಅರ್ಧದಷ್ಟು ಸ್ಥಳಾಂತರ ಭತ್ಯೆ ಸಿಗಬೇಕಿತ್ತು, ಹೋಗಿಬರುವ ಪ್ರಯಾಣ ವೆಚ್ಚವೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಸ್ಥಳಾಂತರ ಭತ್ಯೆ ಇಲ್ಲ. ಉಳಿದಿರುವುದು ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ವೆಚ್ಚ. ಅದೂ ತಿಂಗಳಿಗೆ 18 ಸಾವಿರದೊಳಗೆ ವೇತನ ಇರುವವರಿಗೆ, ಇಂಥ ಹತ್ತು ಅಥವಾ ಹೆಚ್ಚು ಕಾರ್ಮಿಕರು ಇರುವ ಕಡೆ. ಆದ್ದರಿಂದ ಗುತ್ತಿಗೆದಾರ ಊರಿಗೆ ಬಂದು ಹುಡುಗರನ್ನು ಕರೆದೊಯ್ಯುವಾಗ ಬಸ್ಸಿನ ದುಡ್ಡು ಯಾರದ್ದು, ಮೊದಲ ತಿಂಗಳು ಹಾಸ್ಟೆಲ್ ಯಾರದ್ದು, ಆ ದುಡ್ಡನ್ನು ಆಮೇಲೆ ಸಂಬಳದಲ್ಲಿ ಮುರಿಯುತ್ತಾರೆಯೇ ಎಂಬ ಮೂರು ಪ್ರಶ್ನೆಗೆ ಊರಿನಲ್ಲೇ ಉತ್ತರ ಪಡೆಯಬೇಕು. ವಾಟ್ಸ್‌ಆಪ್‌ನಲ್ಲಿ ಬರೆಸಿಕೊಂಡರೂ ಸಾಕು, ಬಾಯಿಮಾತಿಗಿಂತ ಅದು ಮೇಲು.

ಊರಿನಿಂದ ಹೊರಡುವ ತಮ್ಮಂದಿರು ಆಫರ್ ಲೆಟರ್ ಬಂದ ದಿನವೇ ಇಲ್ಲಿರುವ ಪರಿಚಯದವರಿಗೆ ಒಂದು ಫೋನ್ ಮಾಡಿ. ಬಾಡಿಗೆ, ಅಡ್ವಾನ್ಸ್, ಶಾಲೆಯ ಈಗಿನ ದರ ಕೇಳಿ ಪಟ್ಟಿ ಮಾಡಿ. ಎಚ್.ಆರ್.ಗೆ ಕಳಿಸುವ ಮೇಲಿನಲ್ಲಿ ನಿಮ್ಮ ಮಾತಿಗಿಂತ ಆ ಪಟ್ಟಿಯೇ ಹೆಚ್ಚು ಕೆಲಸ ಮಾಡುತ್ತದೆ.